ನಾಲ್ಕು ಫೋಟೋ, ಒಂದೇ ಸಾಲಿನ ಕ್ರೆಡಿಟ್

ಸ್ಕ್ರೀನ್ ಮೇಲೆ ಇರುವುದು ಹಂಪಿಯ ಕಲ್ಲಿನ ರಥ. ಆದರೆ ಅದರ ಮೇಲೊಂದು ಇಟ್ಟಿಗೆಯ ಶಿಖರ ಇದೆ, ನೋಡಿ. ಈಗ ಹೋದರೆ ಅದು ಕಾಣುವುದಿಲ್ಲ, ಆಮೇಲೆ ತೆಗೆದುಬಿಟ್ಟರು. ಈ ಫೋಟೋ ತೆಗೆದದ್ದು 1856ರಲ್ಲಿ, ಕಂಪನಿ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ.

ಇದನ್ನೇ ಮೊದಲ ಸ್ಲೈಡ್ ಮಾಡಿ ಇನ್‌ಸ್ಟಾಗ್ರಾಮ್‌ಗೆ ಒಂದು ಪೋಸ್ಟ್ ಮಾಡುತ್ತಿದ್ದೇನೆ. ಎರಡನೆಯದು ರಥದ ಈಗಿನ ಫೋಟೋ, ವಿಕಿಮೀಡಿಯ ಕಾಮನ್ಸ್‌ನಲ್ಲಿ ಸಿಕ್ಕಿದ್ದು. ಮೂರನೆಯದು ಹೊಸಪೇಟೆಯ ಫೋಟೋಗ್ರಾಫರ್ ಒಬ್ಬರದು. ನಾಲ್ಕನೆಯದು ನನ್ನದೇ. ನಾಲ್ಕು ಕಡೆಯ ಫೋಟೋ, ಆದರೆ ಕ್ಯಾಪ್ಷನ್ ಓದುವ ಹಾಗಿರಬೇಕು. ಫೀಡ್‌ನಲ್ಲಿ ಮೊದಲ ಒಂದೆರಡು ಸಾಲಷ್ಟೇ ಕಾಣುತ್ತದೆ, ಉಳಿದದ್ದು ಮಡಚಿಕೊಂಡಿರುತ್ತದೆ. ಆ ಜಾಗವನ್ನು ಲಿಂಕುಗಳಿಗೆ ಕೊಡಲು ನನಗಿಷ್ಟವಿಲ್ಲ.

ಮೊದಲು ಗ್ರೀನ್‌ಲಾ ಹೆಸರು. ಇವರ ಫೋಟೋಗೆ ಈಗ ಕಾಪಿರೈಟ್ ಇಲ್ಲ. ಆದರೂ ಹೆಸರು ಹೇಳಲೇಬೇಕು, ಏಕೆಂದರೆ ಶಿಖರ ಇತ್ತು ಅನ್ನೋದಕ್ಕೆ ಸಾಕ್ಷಿಯೇ ಈ ಫೋಟೋ. ಹಾಗಾಗಿ ಅದು ಕೆಳಗಿನ ಕ್ರೆಡಿಟ್‌ಗೆ ಹೋಗುವುದಿಲ್ಲ, ಮೊದಲ ವಾಕ್ಯಕ್ಕೇ ಬರುತ್ತದೆ: "1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಫೋಟೋ ತೆಗೆದಾಗ ಕಲ್ಲಿನ ರಥದ ಮೇಲೆ ಶಿಖರ ಇತ್ತು." ಕ್ರೆಡಿಟ್ಟೂ ಆಯಿತು, ಮೂಲವೂ ಆಯಿತು, ಓದುವವರಿಗೆ ಗೊತ್ತೇ ಆಗಲಿಲ್ಲ.

ಎರಡನೆಯ ಫೋಟೋ ಸ್ವಲ್ಪ ಕೆಲಸ ಕೊಡುತ್ತದೆ. ಇದು CC BY-SA 4.0 ಲೈಸೆನ್ಸ್‌ನಲ್ಲಿದೆ, ಅಂದರೆ ಕೆಲವು ಷರತ್ತು ಪಾಲಿಸಿದರೆ ಯಾರು ಬೇಕಾದರೂ ಬಳಸಬಹುದು. ತೆಗೆದವರ ಹೆಸರು, ಲೈಸೆನ್ಸ್, ಮೂಲದ ಲಿಂಕ್ ಕೊಡಬೇಕು, ಏನಾದರೂ ಬದಲಾಯಿಸಿದ್ದರೆ ಅದನ್ನೂ ಹೇಳಬೇಕು. ಕಾಮನ್ಸ್ ಪುಟದಲ್ಲಿ ಎರಡು ಹೆಸರು ಕಾಣಬಹುದು: ಫೋಟೋ ತೆಗೆದವರದು ಮತ್ತು ಅಪ್‌ಲೋಡ್ ಮಾಡಿದವರದು. ಎಷ್ಟೋ ಸಲ ಇಬ್ಬರೂ ಬೇರೆ ಬೇರೆ. Author ಅನ್ನೋ ಸಾಲಿನಲ್ಲಿ ಇರುವ ಹೆಸರು ನಮಗೆ ಬೇಕಾದ್ದು.

ಇಷ್ಟೆಲ್ಲ ಬರೆದರೆ ಕ್ಯಾಪ್ಷನ್ ತುಂಬಿಹೋಗುತ್ತದೆ ಅಲ್ವಾ? ಇಲ್ಲ. ಈ ವಿವರಗಳೆಲ್ಲ ಇರುವ ಪುಟದ ಲಿಂಕ್ ಕೊಟ್ಟರೂ ಸಾಕು ಅಂತ ಲೈಸೆನ್ಸೇ ಹೇಳುತ್ತದೆ. ಕಾಮನ್ಸ್‌ನಲ್ಲಿ w.wiki ಅಂತ ಶುರುವಾಗುವ ಪುಟ್ಟ ಲಿಂಕ್ ಮಾಡಿಕೊಳ್ಳಬಹುದು. ಇನ್‌ಸ್ಟಾ ಕ್ಯಾಪ್ಷನ್‌ನಲ್ಲಿ ಲಿಂಕ್ ಒತ್ತಲು ಬರುವುದಿಲ್ಲ, ನಿಜ. ಆದರೆ ಇಷ್ಟು ಚಿಕ್ಕದಿದ್ದರೆ ಬೇಕಾದವರು ಟೈಪ್ ಮಾಡಿ ನೋಡುತ್ತಾರೆ. ಆದರೂ ಹೆಸರನ್ನು ಮಾತ್ರ ನಾನು ಲಿಂಕ್‌ನೊಳಗೆ ಬಚ್ಚಿಡುವುದಿಲ್ಲ, ಹೊರಗೇ ಬರೆಯುತ್ತೇನೆ.

ಹಳೆಯದು ಹೊಸದು ಎರಡನ್ನೂ ಅಕ್ಕಪಕ್ಕ ಸೇರಿಸಿ ಒಂದೇ ಚಿತ್ರ ಮಾಡೋಣ ಅಂತಲೂ ಯೋಚಿಸಿದ್ದೆ. ಬೇಡ ಅನ್ನಿಸಿತು. ಹೀಗೆ ಬೆರೆಸಿ ಹೊಸ ಚಿತ್ರ ಮಾಡಿದರೆ ಅದನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕಾಗಬಹುದು, SA ಅಂದರೆ ಅದೇ. ಬೇರೆ ಬೇರೆ ಸ್ಲೈಡ್‌ನಲ್ಲಿ ಇಟ್ಟರೆ ಆ ತಲೆನೋವು ಇಲ್ಲ.

ಮೂರನೆಯದಕ್ಕೆ ಲೈಸೆನ್ಸ್ ಅಂತ ಏನೂ ಇರಲಿಲ್ಲ. ಅಂದರೆ ಕೇಳಲೇಬೇಕು. ಹೆಸರು ಹಾಕಿದರೆ ಅನುಮತಿ ಸಿಕ್ಕ ಹಾಗಲ್ಲ. "ಕ್ರೆಡಿಟ್: ಗೂಗಲ್", "ತೆಗೆಯಬೇಕಿದ್ದರೆ ಮೆಸೇಜ್ ಮಾಡಿ" ಅಂತ ಬರೆಯುವವರನ್ನು ಕಂಡರೆ ನನಗೆ ನಗು ಬರುತ್ತದೆ. ಗೂಗಲ್ ಕ್ಯಾಮೆರಾ ಹಿಡಿದು ಹಂಪಿಗೆ ಬಂದಿತ್ತಾ? ಈ ಫೋಟೋ ನನಗೆ ಸಿಕ್ಕಿದ್ದು ಒಂದು ರೀಪೋಸ್ಟ್ ಪೇಜ್‌ನಲ್ಲಿ. ಒಂದು ಚಿತ್ರ ಬೇರೆ ಎಲ್ಲೆಲ್ಲಿ ಇದೆ ಅಂತ ಹುಡುಕಿಕೊಡುವ TinEye ಸೈಟ್‌ನಲ್ಲಿ ಹಾಕಿ, ಹಳೆಯದು ಮೊದಲು ಬರುವ ಹಾಗೆ ಜೋಡಿಸಿ ನೋಡಿದೆ. ಫೋಟೋಗ್ರಾಫರ್ ಅವರ ಸ್ವಂತ ಸೈಟ್ ಸಿಕ್ಕಿತು. ಅಲ್ಲಿದ್ದದ್ದು ಪೂರ್ತಿ ಫೋಟೋ. ರೀಪೋಸ್ಟ್‌ನಲ್ಲಿ ಕೆಳಗಿನ ಅಂಚು, ಅಲ್ಲಿದ್ದ ಸಹಿ ಸಮೇತ, ಕತ್ತರಿಸಿದ್ದರು.

"ಸರ್, ಹೆಸರು ಹೇಗೆ ಹಾಕಲಿ?" ಅಂತ ಕೇಳಿದೆ. "ಟ್ಯಾಗ್ ಮಾಡಿ, ಜೊತೆಗೆ ಹೆಸರನ್ನೂ ಬರೀರಿ" ಅಂದರು. ಅವರು ಹೇಳಿದ್ದು ಸರಿ. ಫೋಟೋ ಮೇಲಿನ ಟ್ಯಾಗ್ ಒತ್ತಿದರೆ ಮಾತ್ರ ಕಾಣುತ್ತದೆ. ಸ್ಕ್ರೀನ್‌ಶಾಟ್ ಆಗಿ ವಾಟ್ಸಾಪ್‌ಗೆ ಹೋದರೆ ಅದೂ ಇಲ್ಲ. ಅದಕ್ಕೇ ಆ ಸ್ಲೈಡ್‌ನ ಮೂಲೆಯಲ್ಲೂ ಸಣ್ಣ ಅಕ್ಷರದಲ್ಲಿ ಹೆಸರು ಹಾಕಿದ್ದೇನೆ. ಇದನ್ನೂ ಅವರನ್ನು ಕೇಳಿಯೇ ಮಾಡಿದ್ದು. ಕೆಲವರಿಗೆ ಫೋಟೋ ಮೇಲೆ ಅಕ್ಷರ ಹಾಕಿದರೆ ಸಿಟ್ಟು ಬರುತ್ತದೆ.

ಕೆಲವರು ಕ್ರೆಡಿಟ್ಟನ್ನು ಮೊದಲ ಕಾಮೆಂಟ್‌ಗೆ ಹಾಕುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಾಲ್ಕು ಜನ "ಸೂಪರ್" ಅನ್ನುವಷ್ಟರಲ್ಲಿ ಅದು ಕೆಳಗೆಲ್ಲೋ ಹೋಗಿರುತ್ತದೆ.

ಈಗ ಕ್ಯಾಪ್ಷನ್ ನೋಡಿ. ರಥದ ಕಥೆ, ಒಂದು ಖಾಲಿ ಸಾಲು, ಆಮೇಲೆ ಇದು:

ಫೋಟೋ: 2 ಇಂಥವರು, CC BY-SA 4.0, ಅಂಚು ಕತ್ತರಿಸಿದೆ, w.wiki/… | 3 ಇಂಥವರು @… | 4 ನಾನು

"ಇಂಥವರು" ಇರುವಲ್ಲಿ ಅವರವರ ಹೆಸರು ಬರುತ್ತದೆ. ಸ್ಲೈಡ್ ನಂಬರ್ ಇರುವುದರಿಂದ ಯಾವುದು ಯಾರದ್ದು ಅಂತ ಗೊಂದಲ ಇಲ್ಲ. ಆದರೆ ಹುಷಾರು, ಕೊನೇ ಗಳಿಗೆಯಲ್ಲಿ ಸ್ಲೈಡ್ ಹಿಂದೆ ಮುಂದೆ ಮಾಡಿದರೆ ನಂಬರ್ ಎಲ್ಲ ತಪ್ಪಿಹೋಗುತ್ತದೆ. ಆ ಸಾಲನ್ನು ನಾನು ಬರೆಯುವುದು ಶೇರ್ ಒತ್ತುವ ಮುಂಚೆ, ಎಲ್ಲಕ್ಕಿಂತ ಕೊನೆಗೆ.