ಗದ್ದ ಹಿಂದೆ, ಹೆಗಲು ಕೆಳಗೆ: ದೂರ ಓಡಿಸುವವರ ಕತ್ತುನೋವಿಗೆ ವ್ಯಾಯಾಮ

ಕೇಳುಗರಿಗೆ ನಮಸ್ಕಾರ.

ಲಾರಿ, ಬಸ್ಸು, ಟ್ಯಾಕ್ಸಿ, ಹಾಲಿನ ಟೆಂಪೊ, ಯಾವುದೇ ಗಾಡಿಯಾಗಲಿ, ದಿನಕ್ಕೆ ಏಳೆಂಟು ಗಂಟೆ ಸ್ಟೇರಿಂಗ್ ಹಿಡಿದು ಕೂರುವವರಿಗಾಗಿ ಇವತ್ತಿನ ಮಾತು. ಈಗ ಗಾಡಿ ಓಡಿಸುತ್ತಲೇ ಕೇಳುತ್ತಿದ್ದೀರಾ? ಹಾಗಾದರೆ ಬರೀ ಕೇಳಿಸಿಕೊಳ್ಳಿ. ನಾನು ಹೇಳುವ ವ್ಯಾಯಾಮಗಳನ್ನು ಗಾಡಿ ಬದಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದ ಮೇಲೆ ಮಾಡಬೇಕು.

ಚಾಲಕರ ನೋವು ಹೆಚ್ಚಾಗಿ ಒಂದೇ ಜಾಗದಲ್ಲಿರುತ್ತದೆ. ಕತ್ತು ಹೆಗಲಿಗೆ ಸೇರುವ ಕಡೆ ಗಂಟು ಕಟ್ಟಿದ ಹಾಗಿರುತ್ತದೆ, ಒತ್ತಿದರೆ ತಲೆಯ ಹಿಂಭಾಗದವರೆಗೂ ಎಳೆಯುತ್ತದೆ. ಎಲ್ಲರೂ ಅದನ್ನು "ನರ ಹಿಡಿದಿದೆ" ಎನ್ನುತ್ತಾರೆ. ಬಹುಪಾಲು ಜನರಲ್ಲಿ ಅದು ನರವಲ್ಲ, ಸ್ನಾಯು. ಬೆಳಗ್ಗೆಯಿಂದ ರಾತ್ರಿಯವರೆಗೆ ಒಂದು ನಿಮಿಷವೂ ಬಿಡುವು ಸಿಗದ ಸ್ನಾಯು.

ಬಿಡುವು ಯಾಕೆ ಸಿಗುವುದಿಲ್ಲ? ನಮ್ಮ ತಲೆ ಹೆಚ್ಚುಕಡಿಮೆ 5 ಕಿಲೋ ತೂಗುತ್ತದೆ. 5 ಕಿಲೋ ಅಕ್ಕಿ ಚೀಲವನ್ನು ಎದೆಗೆ ಒತ್ತಿ ಹಿಡಿದು ನೋಡಿ, ಆಮೇಲೆ ಕೈ ಮುಂದೆ ಚಾಚಿ ಹಿಡಿದು ನೋಡಿ. ಚೀಲ ಅದೇ, ಭಾರ ಬೇರೆ. ರಸ್ತೆ ನೋಡುತ್ತಾ ನೋಡುತ್ತಾ ನಮ್ಮ ತಲೆ ಗಾಜಿನ ಕಡೆ ಮುಂದೆ ಹೋಗುತ್ತದೆ. ರಾತ್ರಿ, ಮಳೆ, ಎದುರು ಗಾಡಿಯ ಹೈಬೀಮ್ ಇದ್ದರಂತೂ ಇನ್ನೂ ಮುಂದೆ. ಆಗ ಕತ್ತಿನ ಹಿಂದಿನ ಸ್ನಾಯು ಆ ತಲೆಯನ್ನು ಜಗ್ಗಿ ಹಿಡಿದುಕೊಂಡಿರಬೇಕು. ಇದರ ಜೊತೆಗೆ ಸ್ಟೇರಿಂಗ್ ಹಿಡಿದ ಕೈಯ ಭಾರಕ್ಕೆ ಹೆಗಲು ಮೆಲ್ಲಗೆ ಕಿವಿಯ ಕಡೆ ಏರುತ್ತದೆ. ಏರಿದ್ದು ಗೊತ್ತೇ ಆಗುವುದಿಲ್ಲ.

ಹಾಗಾಗಿ ನಾನು ಹೇಳುವುದು ಒಂದೇ ಮಾತು: ಗದ್ದ ಹಿಂದೆ, ಹೆಗಲು ಕೆಳಗೆ. ಮುಂದಿನದೆಲ್ಲ ಇದನ್ನು ಹೇಗೆ ಮಾಡುವುದು ಎಂಬ ವಿವರಣೆ, ಅಷ್ಟೇ.

ಒಬ್ಬ ಲಾರಿ ಚಾಲಕರ ವಿಷಯ ಹೇಳುತ್ತೇನೆ. ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ತರಕಾರಿ ಒಯ್ಯುವವರು, ರಾತ್ರಿ ಓಡಾಟವೇ ಜಾಸ್ತಿ. ಅವರಿಗೆ ಬಲಗಡೆ ಕತ್ತು ಹಿಡಿದುಕೊಂಡು ಬಲಕ್ಕೆ ತಿರುಗುವುದೇ ಕಷ್ಟವಾಗಿತ್ತು. ಬಲಗಡೆ ಕನ್ನಡಿ ನೋಡಬೇಕಾದರೆ ಸೊಂಟದಿಂದ ಇಡೀ ಮೈ ತಿರುಗಿಸುತ್ತಿದ್ದರು. ಘಾಟಿಯಲ್ಲಿ ಹಾಗೆ ಓಡಿಸುವುದು ಎಷ್ಟು ಅಪಾಯ ಎಂದು ನಿಮಗೇ ಗೊತ್ತು. ಮುಲಾಮು ಹಚ್ಚಿದ್ದರು, ಮಾಲೀಶು ಮಾಡಿಸಿದ್ದರು, ಎರಡು ದಿನ ಹಗುರ, ಮೂರನೇ ದಿನ ಮತ್ತೆ ಅದೇ. ನೋವು ಎಲ್ಲಿ ಎಂದರೆ ಬೆರಳಿಟ್ಟು ತೋರಿಸುತ್ತಿದ್ದರು. ಬೆನ್ನಿನ ಮೇಲ್ಭಾಗದಲ್ಲಿ ಒಂದು ಚಪ್ಪಟೆ ಮೂಳೆ ಇದೆಯಲ್ಲ, ರೆಕ್ಕೆಮೂಳೆ ಎನ್ನೋಣ, ಅದರ ಒಳಗಿನ ಮೇಲ್ಮೂಲೆಯಲ್ಲಿ. ಅಲ್ಲಿಂದ ಕತ್ತಿನ ಮೇಲ್ತುದಿಗೆ ಹೋಗುವ ಪಟ್ಟಿಯಂಥ ಸ್ನಾಯು ಒಂದಿದೆ. ಹೆಗಲನ್ನು ಮೇಲಕ್ಕೆ ಎತ್ತಿ ಹಿಡಿಯುವುದೇ ಅದರ ಕೆಲಸ. ಅಂದರೆ ಈ ಮನುಷ್ಯನ ಬಲ ಹೆಗಲು ರಾತ್ರಿಯಿಡೀ ಎತ್ತಿಕೊಂಡೇ ಇತ್ತು.

ಕಾರಣ ಲಾರಿಯಲ್ಲಿ ಸಿಕ್ಕಿತು. ಅವರನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಬೆನ್ನು ಪೂರ್ತಿ ಒರಗಿಸಿ, ಬಲಗೈ ನೀಟಿ ಮಣಿಕಟ್ಟನ್ನು ಸ್ಟೇರಿಂಗ್‌ನ ಮೇಲ್ತುದಿಯಲ್ಲಿ ಇಡಲು ಹೇಳಿದರೆ ಮಣಿಕಟ್ಟು ಮುಟ್ಟಲಿಲ್ಲ. ಮುಟ್ಟಿಸಲು ಹೋದಾಗ ಹೆಗಲು ಒರಗಿನಿಂದ ಎದ್ದು ಮುಂದೆ ಬಂತು. ಸೀಟು ಹಿಂದಿತ್ತು. ಅದರ ಕೆಳಗಿನ ಜಾರುಪಟ್ಟಿಗೆ ಧೂಳು, ಮಣ್ಣು ಸೇರಿ ಕಚ್ಚಿಕೊಂಡಿತ್ತು, ಯಾರೂ ಅಲುಗಾಡಿಸಿರಲಿಲ್ಲ. ಇನ್ನೊಂದು, ನೇರ ರಸ್ತೆ ಸಿಕ್ಕರೆ ಬಲ ಮೊಣಕೈಯನ್ನು ಕಿಟಕಿಯ ಮೇಲೆ ಊರುವ ಅಭ್ಯಾಸ. ಆ ಕಿಟಕಿಯ ಅಂಚು ಎತ್ತರದಲ್ಲಿತ್ತು. ಮೊಣಕೈ ಅಲ್ಲಿ ಕೂತರೆ ಹೆಗಲು ಕಿವಿಯ ಹತ್ತಿರ ಹೋಗಲೇಬೇಕು. ಕೈಗೆ ವಿಶ್ರಾಂತಿ ಕೊಟ್ಟೆ ಎಂದು ಅವರು ಅಂದುಕೊಂಡಿದ್ದರು, ಕತ್ತು ಮಾತ್ರ ದುಡಿಯುತ್ತಲೇ ಇತ್ತು.

ಜಾರುಪಟ್ಟಿ ಉಜ್ಜಿ ಗ್ರೀಸ್ ಹಚ್ಚಿದ ಮೇಲೆ ಸೀಟು ಎರಡು ಹಲ್ಲು ಮುಂದೆ ಬಂತು. ಮಣಿಕಟ್ಟು ಸ್ಟೇರಿಂಗ್ ಮೇಲೆ ಕೂತಿತು, ಹೆಗಲು ಒರಗಿನಲ್ಲೇ ಉಳಿಯಿತು. ನಿಮ್ಮ ಗಾಡಿಯ ಸೀಟು ಸರಿಯುವುದೇ ಇಲ್ಲವಾದರೆ ಒಂದು ದಪ್ಪ ಟವೆಲನ್ನೋ ಹೊದಿಕೆಯನ್ನೋ ಮಡಚಿ ಸೊಂಟದಿಂದ ಹೆಗಲವರೆಗೆ ಬೆನ್ನ ಹಿಂದೆ ಇಟ್ಟುಕೊಳ್ಳಿ, ಮುಂದೆ ಬಂದಷ್ಟು ಬಂದ ಹಾಗೆ. ಮೊಣಕೈ ಕಿಟಕಿಯಿಂದ ಇಳಿಯಿತು, ಎರಡೂ ಕೈ ಗಡಿಯಾರದ 9 ಮತ್ತು 3ರ ಜಾಗಕ್ಕೆ ಬಂದವು. ಆಮೇಲೆ ವ್ಯಾಯಾಮ. ಅವರು ಮಾಡಿದ್ದು ಮೂರೇ, ಸಕಲೇಶಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಮ್ಮೆ, ಘಾಟಿ ಇಳಿದ ಮೇಲೆ ಗುಂಡ್ಯದಲ್ಲಿ ಒಮ್ಮೆ, ಸರಕು ಇಳಿಸಿದ ಮೇಲೆ ಒಮ್ಮೆ. ಮೂರು ವಾರದ ಹೊತ್ತಿಗೆ ಮೈ ತಿರುಗಿಸದೆ ಬಲಗನ್ನಡಿ ನೋಡುವಂತಾಯಿತು.

ಆ ಮೂರನ್ನು ಈಗ ಕೇಳಿ.

ಮೊದಲನೆಯದು ಗದ್ದ ಹಿಂದಕ್ಕೆ ತಳ್ಳುವುದು. ಸೀಟಿನಲ್ಲಿ ನೆಟ್ಟಗೆ ಕೂತು ಎದುರಿಗೇ ನೋಡಿ. ಎರಡು ಬೆರಳು ಗದ್ದದ ಮೇಲಿಟ್ಟು, ಇಡೀ ತಲೆಯನ್ನು ಹಿಂದಕ್ಕೆ, ಹೆಡ್‌ರೆಸ್ಟ್ ಕಡೆಗೆ ಜಾರಿಸಿ. ಗದ್ದದ ಕೆಳಗೆ ಮಡಿಕೆ ಬೀಳುತ್ತದೆ, ಬೀಳಲಿ. 5 ಸೆಕೆಂಡು ಹಿಡಿದು ಬಿಡಿ. ಹೀಗೆ 10 ಸಲ. ಇಲ್ಲಿ ಬಹಳ ಜನ ತಪ್ಪುತ್ತಾರೆ: ತಲೆ ಹಿಂದೆ ಹೋಗುವ ಬದಲು ಮುಖ ಮೇಲೆತ್ತಿ ಗಾಡಿಯ ಚಾವಣಿ ನೋಡುತ್ತಾರೆ. ಅದರಿಂದ ಕತ್ತಿನ ಹಿಂಭಾಗ ಇನ್ನಷ್ಟು ಮುದುಡುತ್ತದೆ. ಕಣ್ಣು ರಸ್ತೆಯ ಮಟ್ಟದಲ್ಲೇ ಇರಬೇಕು. ಸರಿಯಾಗಿ ಮಾಡಿದರೆ ತಲೆಬುರುಡೆ ಕತ್ತಿಗೆ ಸೇರುವ ಕಡೆ, ಹಿಂದೆ, ಮೆಲ್ಲನೆ ಎಳೆದಂತಾಗುತ್ತದೆ. ಆ ಎಳೆತ ಸಿಕ್ಕಿದರೆ ಸರಿ, ಸಿಗದಿದ್ದರೆ ನೀವು ಮಾಡುತ್ತಿರುವುದು ಬೇರೇನೋ.

ಎರಡನೆಯದು ಹೆಗಲು ಎತ್ತಿ ಬಿಡುವುದು. ಎರಡೂ ಹೆಗಲನ್ನು ಬೇಕೆಂತಲೇ ಕಿವಿಯವರೆಗೆ ಎತ್ತಿ, ಬಿಗಿಯಾಗಿ 5 ಸೆಕೆಂಡು ಹಿಡಿಯಿರಿ. ಉಸಿರು ಬಿಡುತ್ತಾ ಒಮ್ಮೆಲೇ ಕೆಳಗೆ ಬಿಟ್ಟುಬಿಡಿ. 5 ಸಲ ಸಾಕು. ಏರಿದ ಹೆಗಲನ್ನು ಮತ್ತೆ ಯಾಕೆ ಏರಿಸುವುದು ಎಂದು ಕೇಳಬಹುದು. ಗಂಟೆಗಟ್ಟಲೆ ಬಿಗಿದ ಸ್ನಾಯು ಬಿಗಿದಿದೆ ಎಂಬುದೇ ಮರೆತುಹೋಗಿರುತ್ತದೆ. ಪೂರ್ತಿ ಬಿಗಿ ಮಾಡಿ ಬಿಟ್ಟಾಗ ಸಡಿಲ ಎಂದರೇನು ಎಂದು ಮೈಗೆ ಗೊತ್ತಾಗುತ್ತದೆ.

ಮೂರನೆಯದೇ ಆ ಪಟ್ಟಿಯಂಥ ಸ್ನಾಯುವನ್ನು ಹಿಗ್ಗಿಸುವುದು. ನೋವು ಬಲಗಡೆ ಎಂದಿಟ್ಟುಕೊಳ್ಳಿ. ಬಲಗೈಯಿಂದ ಸೀಟಿನ ಕೆಳಗಿನ ಅಂಚನ್ನು ಹಿಡಿಯಿರಿ. ಇದು ಮುಖ್ಯ, ಹಿಡಿಯದಿದ್ದರೆ ಹೆಗಲು ಎದ್ದುಬಂದು ಮಾಡಿದ್ದೆಲ್ಲ ವ್ಯರ್ಥ. ಈಗ ಮುಖವನ್ನು ಅರ್ಧದಷ್ಟು ಎಡಕ್ಕೆ ತಿರುಗಿಸಿ, ತಲೆ ಬಗ್ಗಿಸಿ ನಿಮ್ಮದೇ ಎಡ ಕಂಕುಳ ಕಡೆ ನೋಡಿ. ಎಡಗೈಯನ್ನು ತಲೆಯ ಹಿಂದೆ ಸುಮ್ಮನೆ ಇಡಿ. ಕೈಯ ಭಾರವೇ ಸಾಕು, ಜಗ್ಗಬೇಡಿ. ನಿಧಾನವಾಗಿ ಐದು ಉಸಿರು, ಅಂದರೆ 20ರಿಂದ 30 ಸೆಕೆಂಡು. ಎರಡು ಸಲ ಮಾಡಿ, ಆಮೇಲೆ ಇನ್ನೊಂದು ಪಕ್ಕಕ್ಕೂ ಮಾಡಿ. ಎಳೆತ ಬಲಗತ್ತಿನ ಹಿಂದಿನಿಂದ ರೆಕ್ಕೆಮೂಳೆಯ ಮೂಲೆಯವರೆಗೆ ಸಿಗಬೇಕು. ಕೈಗೆ ಜುಮ್ಮೆನ್ನಿಸಿದರೆ ಜಾಸ್ತಿ ಎಳೆದಿದ್ದೀರಿ, ಅರ್ಧಕ್ಕೆ ಇಳಿಸಿ.

ಮೂರೂ ಸೇರಿ ಐದು ನಿಮಿಷವೂ ಆಗುವುದಿಲ್ಲ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಮಾಡಿ. "ಸಾರ್, ನಿಲ್ಲಿಸೋಕೆ ಟೈಮ್ ಎಲ್ಲಿದೆ" ಎನ್ನುವವರಿಗೆ ಒಂದು ಮಾತು: 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ 5 ಗಂಟೆ ಕೆಲಸವಾದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಲೇಬೇಕು ಎನ್ನುತ್ತಿತ್ತು. ನಾನು ಕೇಳುತ್ತಿರುವುದು ಐದು ನಿಮಿಷ. ಚಹಾ ಬರುವಷ್ಟರಲ್ಲಿ ಮುಗಿಯುತ್ತದೆ. ಮೊಬೈಲ್ ನೋಡುತ್ತಾ ಆ ಹೊತ್ತು ಕಳೆದರೆ ತಲೆ ಮತ್ತೆ ಮುಂದೆಯೇ ಬಗ್ಗಿರುತ್ತದೆ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ.

ಓಡಿಸುವಾಗ ಮಾಡಬಹುದಾದದ್ದು ಒಂದಿದೆ, ಅದು ಕನ್ನಡಿ. ಹೊರಡುವ ಮುಂಚೆ ಗದ್ದ ಹಿಂದೆ, ಹೆಗಲು ಕೆಳಗೆ ಇಟ್ಟು ಕೂತು ಕನ್ನಡಿ ಹೊಂದಿಸಿ. ದಾರಿಯಲ್ಲಿ ಹಿಂದಿನದು ಸರಿಯಾಗಿ ಕಾಣಲಿಲ್ಲವೆಂದರೆ ಕುಸಿದಿರುವುದು ನೀವು. ಕನ್ನಡಿ ಮುಟ್ಟಬೇಡಿ, ನೆಟ್ಟಗೆ ಕೂತುಕೊಳ್ಳಿ. ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇದ್ದರೆ ತೆಗೆದು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿಡಿ, ಒಂದು ಕುಂಡಿ ಎತ್ತರವಾದರೆ ಕತ್ತು ಇನ್ನೊಂದು ಕಡೆಗೆ ವಾಲಲೇಬೇಕು.

ತಲೆಯನ್ನು ಗಿರ್ರನೆ ಸುತ್ತ ತಿರುಗಿಸುವ ವ್ಯಾಯಾಮ ಬೇಡ. ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಕೆ ತೆಗೆಸುವುದಂತೂ ಖಂಡಿತ ಬೇಡ. ಕತ್ತಿನ ಮೂಳೆಗಳ ಒಳಗಿಂದ ಮೆದುಳಿಗೆ ರಕ್ತ ಒಯ್ಯುವ ನಾಳಗಳು ಹೋಗುತ್ತವೆ. ಲಟಕ್ಕೆಂದು ತಿರುಗಿಸಿದಾಗ ಆ ನಾಳದ ಒಳಪದರ ಹರಿದು ಪಾರ್ಶ್ವವಾಯು ಹೊಡೆದ ಪ್ರಕರಣಗಳು ವೈದ್ಯರಿಗೆ ಗೊತ್ತು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ: ಆ ಶಬ್ದದಿಂದ ಗಂಟು ಬಿಡುವುದಿಲ್ಲ.

ಕೊನೆಯದಾಗಿ, ವ್ಯಾಯಾಮದ ಲೆಕ್ಕಕ್ಕೆ ಬಾರದ ನೋವು. ನೋವು ತೋಳಿನಲ್ಲಿ ಇಳಿದು ಬೆರಳು ಮರಗಟ್ಟಿದರೆ, ಗೇರು ಹಾಕುವ ಕೈಯ ಹಿಡಿತ ಸಡಿಲವಾದರೆ, ನಡೆಯುವಾಗ ಕಾಲು ತೂರಾಡಿದರೆ, ಅಪಘಾತವಾದ ಮೇಲೆ ಶುರುವಾದ ನೋವಾದರೆ, ಮೊದಲು ವೈದ್ಯರಿಗೆ ತೋರಿಸಿ. ಹೆಗಲು, ದವಡೆ, ಎಡತೋಳಿನ ನೋವಿನ ಜೊತೆ ಎದೆ ಬಿಗಿದು ಬೆವರಿದರೆ ಅದು ಕತ್ತಿನದಲ್ಲ, ಹೃದಯದ್ದಿರಬಹುದು. ಗಾಡಿಯನ್ನು ಅಲ್ಲೇ ಬದಿಗೆ ಹಾಕಿ 108ಕ್ಕೆ ಕರೆ ಮಾಡಿ. ಆಸ್ಪತ್ರೆಗೂ ನೀವೇ ಓಡಿಸಿಕೊಂಡು ಹೋಗಬೇಡಿ.

ನಮಸ್ಕಾರ.