ಮೂರು ಸೆಕೆಂಡಿನಲ್ಲಿ ಗೆದ್ದ ಹುಕ್, ಆರ್ಡರಿನಲ್ಲಿ ಗೆದ್ದ ಹುಕ್

ಮಾನ್ಯರೇ, ವಿಡಿಯೊ ಜಾಹೀರಾತಿನ ಮೊದಲ ಮೂರು ಸೆಕೆಂಡನ್ನು ನಮ್ಮ ಕಸುಬಿನಲ್ಲಿ ಹುಕ್ ಎನ್ನುತ್ತೇವೆ. ಒಂದೇ ಸರಕಿಗೆ ಬೇರೆ ಬೇರೆ ಹುಕ್ ಮಾಡಿ, ಅವುಗಳಲ್ಲಿ ಯಾವುದು ನಿಜವಾಗಿ ಗೆದ್ದಿತೆಂದು ಓದುವ ಬಗೆಯನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ಇದರಲ್ಲಿ ಬರುವ ಅಂಕಿಗಳು ಲೆಕ್ಕ ತೋರಿಸುವುದಕ್ಕಾಗಿ ನಾನೇ ಇಟ್ಟುಕೊಂಡವು.

ಗಾಣದ ಕಡಲೆಕಾಯಿ ಎಣ್ಣೆ ಮಾರುವ ಒಂದು ಸಣ್ಣ ಮನೆಯುದ್ಯಮವಿದೆ ಎಂದುಕೊಳ್ಳಿ. ಮೊದಲನೆಯ ಹುಕ್‌ನಲ್ಲಿ ಒಬ್ಬ ಗೃಹಿಣಿ ನೇರವಾಗಿ ನಮ್ಮನ್ನು ನೋಡಿ, “ನಿಮ್ಮ ಎಣ್ಣೆ ಬಾಟಲಿಯ ಹಿಂದೆ ಏನು ಬರೆದಿದೆ, ಓದಿದ್ದೀರಾ?” ಎಂದು ಕೇಳುತ್ತಾರೆ. ಎರಡನೆಯದರಲ್ಲಿ ಮಾತಿಲ್ಲ, ಮರದ ಗಾಣ ತಿರುಗುತ್ತದೆ, ಎಣ್ಣೆ ಎಳೆಯಾಗಿ ಪಾತ್ರೆಗೆ ಇಳಿಯುತ್ತದೆ, ಪರದೆಯ ಮೇಲೆ “ಗಾಣದಿಂದ ನೇರ ನಿಮ್ಮ ಮನೆಗೆ” ಎಂಬ ಅಕ್ಷರಗಳು ಮೂಡುತ್ತವೆ. ನಾಲ್ಕನೆಯ ಸೆಕೆಂಡಿನಿಂದ ಮುಂದಿನ ದೃಶ್ಯ, ಬೆಲೆ, ವಿಡಿಯೊದ ಮೇಲಿನ ಬರಹ, ಒತ್ತಿದರೆ ತೆರೆಯುವ ಪುಟ ಎಲ್ಲವೂ ಎರಡಕ್ಕೂ ಒಂದೇ. ಅನೇಕರು ಧ್ವನಿ ಮುಚ್ಚಿಕೊಂಡೇ ನೋಡುವುದರಿಂದ ಮೊದಲನೆಯ ಹುಕ್‌ನ ಪ್ರಶ್ನೆಯನ್ನೂ ಪರದೆಯ ಮೇಲೆ ಬರೆಯಲೇಬೇಕು. ಇಲ್ಲವಾದರೆ ನಾವು ಪರೀಕ್ಷಿಸುವುದು ಹುಕ್ ಅನ್ನಲ್ಲ, ಧ್ವನಿಯನ್ನು. “ಓದಿದ್ದೀರಾ” ಎಂಬುದನ್ನು “ನೋಡಿದ್ದೀರಾ” ಎಂದಷ್ಟೇ ಬದಲಿಸಿ ಪರೀಕ್ಷೆಗೆ ಇಳಿಯುವವರನ್ನು ಕಂಡಿದ್ದೇನೆ. ಅಷ್ಟು ಸಣ್ಣ ವ್ಯತ್ಯಾಸವನ್ನು ಸಣ್ಣ ಬಜೆಟ್ ಎಂದಿಗೂ ಹಿಡಿಯಲಾರದು.

ಇವೆರಡನ್ನೂ ಒಂದೇ ಜಾಹೀರಾತು ಗುಂಪಿನಲ್ಲಿ, ಅಂದರೆ ಒಂದೇ ಆ್ಯಡ್ ಸೆಟ್‌ನಲ್ಲಿ ಹಾಕಿ ಸುಮ್ಮನಿದ್ದರೆ, ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾದ ವ್ಯವಸ್ಥೆ ಆರಂಭದ ಕೆಲವೇ ಸುಳಿವುಗಳನ್ನು ನಂಬಿ ಹೆಚ್ಚಿನ ಹಣವನ್ನು ಒಂದರ ಮೇಲೆಯೇ ಸುರಿಯಬಹುದು. ಉಳಿದದ್ದು ಸೋತದ್ದಲ್ಲ, ಆಡುವ ಅವಕಾಶವನ್ನೇ ಪಡೆಯದದ್ದು. ಆದ್ದರಿಂದ ಮೆಟಾದ ಜಾಹೀರಾತುಗಳನ್ನು ನಿರ್ವಹಿಸುವ ಆ್ಯಡ್ಸ್ ಮ್ಯಾನೇಜರ್‌ನ ಎ/ಬಿ ಪರೀಕ್ಷೆಯನ್ನೇ ಬಳಸಬೇಕು. ಅಲ್ಲಿ ವೀಕ್ಷಕರನ್ನು ಎರಡು ಪಾಲು ಮಾಡಿ, ಒಬ್ಬರಿಗೆ ಒಂದೇ ಹುಕ್ ಕಾಣುವಂತೆ ನೋಡಿಕೊಳ್ಳಲಾಗುತ್ತದೆ. ಹಣವನ್ನೂ ಸಮನಾಗಿ ಹಂಚಬಹುದು.

ಎರಡು ವಾರದಲ್ಲಿ ಪ್ರತಿಯೊಂದಕ್ಕೂ 12,000 ರೂಪಾಯಿ ಖರ್ಚಾಗಿ, ತಲಾ 40,000 ಬಾರಿ ಪ್ರದರ್ಶನವಾಯಿತು ಎನ್ನಿ. ಮೂರು ಸೆಕೆಂಡು ನಿಂತು ನೋಡಿದ ಎಣಿಕೆ ಪ್ರಶ್ನೆಯ ಹುಕ್‌ಗೆ 14,000, ಗಾಣದ ಹುಕ್‌ಗೆ 10,000. ಇಲ್ಲಿಗೇ ಓದು ನಿಲ್ಲಿಸಿದವರು ಪ್ರಶ್ನೆ ಗೆದ್ದಿತೆಂದು ಘೋಷಿಸುತ್ತಾರೆ. ಆದರೆ ಥ್ರೂಪ್ಲೇ, ಅಂದರೆ ಈ ವಿಡಿಯೊದಲ್ಲಿ ಕನಿಷ್ಠ 15 ಸೆಕೆಂಡು ನೋಡಿದ ಎಣಿಕೆ, ಮೊದಲನೆಯದಕ್ಕೆ 2,100, ಎರಡನೆಯದಕ್ಕೆ 2,500. ನಿಂತವರಲ್ಲಿ ಉಳಿದುಕೊಂಡವರು ಒಂದರಲ್ಲಿ ಶೇ. 15, ಇನ್ನೊಂದರಲ್ಲಿ ಶೇ. 25. ಬಾಟಲಿಯ ಗುಟ್ಟು ಹೇಳುತ್ತಾರೆಂದು ನಿಂತವರಿಗೆ ನಾಲ್ಕನೆಯ ಸೆಕೆಂಡಿನಲ್ಲಿ ಎಣ್ಣೆಯ ಬೆಲೆ ಕಂಡರೆ ಅವರು ಮುಂದೆ ಸರಿಯುವುದು ಸಹಜ. ಹುಕ್ ಕೊಟ್ಟ ಮಾತನ್ನು ಒಳಗಿನ ಭಾಗ ಉಳಿಸಿಕೊಂಡಿಲ್ಲ.

ಆರ್ಡರುಗಳು ಕ್ರಮವಾಗಿ 52 ಮತ್ತು 80. ಈ ಅಂತರ ಬರಿಯ ಅದೃಷ್ಟವೋ ಎಂದು ತಿಳಿಯಲು ಒಂದು ಸುಲಭ ಅಳತೆಯಿದೆ. ಪ್ರದರ್ಶನಗಳು ಸಮನಾಗಿದ್ದಾಗ, ಎರಡರ ವ್ಯತ್ಯಾಸವನ್ನು ಒಟ್ಟು ಮೊತ್ತದ ವರ್ಗಮೂಲದಿಂದ ಭಾಗಿಸಿ:

(80 − 52) ÷ √(80 + 52) = 2.4

ಉತ್ತರ 2 ದಾಟಿದರೆ ಅಂತರವನ್ನು ನಂಬಬಹುದು. ಮೊದಲ ವಾರದ ಕೊನೆಗೆ ಇದೇ ಪರೀಕ್ಷೆಯಲ್ಲಿ 24 ಮತ್ತು 36 ಆರ್ಡರುಗಳಿದ್ದವು ಎನ್ನಿ. ಒಂದೂವರೆ ಪಟ್ಟು ಎಂದು ಕಂಡರೂ ಅಳತೆ 1.5ರಲ್ಲೇ ನಿಲ್ಲುತ್ತದೆ. ದಿನದಿನವೂ ಇಣುಕಿ ನೋಡಿ, 2 ದಾಟಿದ ದಿನವೇ ಪರೀಕ್ಷೆ ನಿಲ್ಲಿಸುವವರಿಗೆ ಈ ಅಳತೆಯೂ ಮೋಸ ಮಾಡುತ್ತದೆ, ಏಕೆಂದರೆ ಏರಿಳಿತದ ನಡುವೆ ಒಂದಲ್ಲ ಒಂದು ದಿನ ಅದು ದಾಟುವ ಸಂಭವ ಹೆಚ್ಚು. ಮುಗಿಸುವ ದಿನವನ್ನು ಆರಂಭಿಸುವ ಮೊದಲೇ ಬರೆದಿಡಿ. ಮೂರು ಹುಕ್‌ಗಳಿದ್ದರೆ ಹೋಲಿಸುವ ಜೋಡಿಗಳೂ ಮೂರಾಗುವುದರಿಂದ ಗಡಿಯನ್ನು 2.4ಕ್ಕೆ ಏರಿಸಬೇಕು.

ಇನ್ನೊಂದು ಮಿತಿಯನ್ನು ಮುಚ್ಚಿಡಲಾರೆ. ವೀಕ್ಷಕರನ್ನು ಸಮನಾಗಿ ಹಂಚಿದರೂ, ಪ್ರತಿ ಪಾಲಿನೊಳಗೆ ಯಾರಿಗೆ ತೋರಿಸಬೇಕೆಂದು ವ್ಯವಸ್ಥೆಯೇ ಆರಿಸುತ್ತದೆ. ಗಾಣದ ಹುಕ್ ಐವತ್ತು ದಾಟಿದವರಿಗೂ ಪ್ರಶ್ನೆಯ ಹುಕ್ ಯುವಕರಿಗೂ ಹೆಚ್ಚು ಹೋಗಿರಬಹುದು. ವಯಸ್ಸಿನ ವಿಂಗಡಣೆ ತೆರೆದರೆ ಇದರ ಒಂದು ಭಾಗ ಕಾಣುತ್ತದೆ, ಪೂರ್ತಿಯಲ್ಲ. ಹಾಗಾಗಿ ಗೆದ್ದದ್ದು “ಆ ಹುಕ್ ಮತ್ತು ಅದು ತಲುಪಿದ ಜನ” ಎಂದಷ್ಟೇ ಹೇಳಬಹುದು. ಅದನ್ನೇ ಪಾಠವಾಗಿಸಿಕೊಂಡು ಬ್ಯಾನರ್‌ಗೋ ಕರಪತ್ರಕ್ಕೋ ಒಯ್ಯುವುದು ಸರಿಯಲ್ಲ.

ಕೊನೆಯ ಎಣಿಕೆ ಕೊರಿಯರ್‌ನವರ ಪಟ್ಟಿಯಲ್ಲಿದೆ. ಪಾರ್ಸೆಲ್ ಬಂದಾಗ ಹಣ ಕೊಡುವ ಪದ್ಧತಿಯಲ್ಲಿ ಆರ್ಡರ್ ಮಾಡಿದವರೆಲ್ಲ ಅದನ್ನು ತೆಗೆದುಕೊಳ್ಳುವುದಿಲ್ಲ. ಪ್ರಶ್ನೆಯ ಹುಕ್‌ನ 52ರಲ್ಲಿ 11, ಗಾಣದ 80ರಲ್ಲಿ 14 ಹಿಂದಿರುಗಿದವು ಎನ್ನಿ. ಉಳಿದ 41 ಮತ್ತು 66ಕ್ಕೆ ಅದೇ ಅಳತೆ ಹಾಕಿದರೂ 2.4 ಬರುತ್ತದೆ. ಗಾಣದ ಹುಕ್ ಗೆದ್ದಿತೆಂದು ನಾನು ಬರೆದುಕೊಳ್ಳುವುದು ಈ ಪಟ್ಟಿ ಕೈಸೇರಿದ ಮೇಲೆ.