ಸುಧಾರಣಾ ಪತ್ರ ಬರೆಯುವ ಮುನ್ನ ಲೆಕ್ಕ ತೆಗೆಯಿರಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಹತ್ತಿಪ್ಪತ್ತು ಜನರಿಂದ ಕೆಲಸ ಮಾಡಿಸುವ ಮ್ಯಾನೇಜರ್‌ಗಳು. ಒಂದಲ್ಲ ಒಂದು ದಿನ ನಿಮ್ಮ ಕೈಯಿಂದ ಯಾರಿಗಾದರೂ ಪಿಐಪಿ, ಅಂದರೆ ಕೆಲಸದ ಸುಧಾರಣಾ ಯೋಜನೆಯ ಪತ್ರ ಹೋಗಬೇಕಾಗುತ್ತದೆ. ಅದನ್ನು ಬರೆಯುವ ಬಗೆ ತಿಳಿಸಲು ಇವತ್ತು ಒಂದೇ ಒಂದು ಪತ್ರದ ಕತೆ ಹೇಳುತ್ತೇನೆ.

ಬೆಂಗಳೂರಿನಲ್ಲಿ ವಿದ್ಯುತ್ ಸಾಮಾನುಗಳ ಸಗಟು ವ್ಯಾಪಾರದ ಒಂದು ಕಚೇರಿ. ಅಲ್ಲಿನ ಅಕೌಂಟ್ಸ್ ವಿಭಾಗದ ಹೆಣ್ಣುಮಗಳು ನಾಲ್ಕು ವರ್ಷ ಮಾರಾಟದ ಬಿಲ್ಲಿಂಗ್ ಮಾಡಿದ್ದವರು. ಈ ಪತ್ರದ ಮಾತು ಬರುವುದಕ್ಕೆ ಐದು ತಿಂಗಳ ಮುಂಚೆ ಅವರನ್ನು ಖರೀದಿ ಬಿಲ್‌ಗಳ ಎಂಟ್ರಿಗೆ ಹಾಕಿದ್ದರು. ಬಿಲ್‌ಗಳು ತಡವಾಗುತ್ತಿದ್ದವು, ತಪ್ಪುಗಳೂ ಇದ್ದವು. ಅವರ ಮ್ಯಾನೇಜರ್ ಬರೆದುಕೊಂಡು ನನ್ನ ಬಳಿ ತಂದ ಕರಡಿನಲ್ಲಿ ಮೂರು ವಾಕ್ಯಗಳಿದ್ದವು: "ನಿಮ್ಮ ಕೆಲಸದಲ್ಲಿ ಶ್ರದ್ಧೆ ಕಾಣುತ್ತಿಲ್ಲ. ಹಲವು ಬಾರಿ ಹೇಳಿದರೂ ಸುಧಾರಿಸಿಲ್ಲ. ಇದೇ ಮುಂದುವರಿದಲ್ಲಿ ಕಠಿಣ ಕ್ರಮ ಕೈಗೊಳ್ಳಲಾಗುವುದು."

"ಎಷ್ಟು ಬಿಲ್ ತಡ ಆಗಿವೆ ಸರ್?" ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಅವರು ಕೆಟ್ಟವರಲ್ಲ, ಸಾಕಾಗಿ ಹೋಗಿತ್ತು ಅಷ್ಟೆ. ಇಬ್ಬರೂ ಕೂತು ಟ್ಯಾಲಿಯಲ್ಲಿ ಮೇ ತಿಂಗಳ ಖರೀದಿ ರಿಜಿಸ್ಟರ್ ತೆರೆದೆವು. ಒಟ್ಟು 210 ಬಿಲ್, ಅದರಲ್ಲಿ ಮೂರು ಕೆಲಸದ ದಿನ ಮೀರಿ ಎಂಟ್ರಿಯಾದವು 58. ಮ್ಯಾನೇಜರ್ ಮುಖದಲ್ಲಿ "ನಾನು ಹೇಳಲಿಲ್ಲವೇ" ಎಂಬ ಭಾವ. ಆಮೇಲೆ ಒಂದೊಂದೇ ಬಿಲ್ಲಿನ ಹಿಂದೆ ಪಿನ್ ಮಾಡಿದ್ದ ಜಿಆರ್‌ಎನ್, ಅಂದರೆ ಸರಕು ತಲುಪಿತೆಂದು ಗೋದಾಮಿನವರು ಕೊಡುವ ಚೀಟಿಯ ತಾರೀಕು ನೋಡಿದೆವು. 58ರಲ್ಲಿ 37 ಬಿಲ್‌ಗಳಿಗೆ ಆ ಚೀಟಿಯೇ ಐದಾರು ದಿನ ತಡವಾಗಿ ಬಂದಿತ್ತು. ಚೀಟಿ ಇಲ್ಲದೆ ಎಂಟ್ರಿ ಮಾಡಬಾರದು ಎಂಬುದು ಕಚೇರಿಯದೇ ನಿಯಮ. ಹಾಗಾಗಿ ಆಕೆಯ ಲೆಕ್ಕಕ್ಕೆ ಉಳಿದದ್ದು 21.

ತಪ್ಪುಗಳು 14. ಅವುಗಳಲ್ಲಿ ಒಂಬತ್ತು ಒಂದೇ ಜಾತಿಯವು. ಹೊಸೂರಿನ ಪೂರೈಕೆದಾರರ ಬಿಲ್‌ಗಳನ್ನು ಆಕೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಅಂದರೆ ರಾಜ್ಯದೊಳಗಿನ ವ್ಯಾಪಾರದ ತೆರಿಗೆ ಎಂದು ಎಂಟ್ರಿ ಮಾಡಿದ್ದರು. ಹೊಸೂರು ನಮ್ಮ ಅತ್ತಿಬೆಲೆ ದಾಟಿದರೆ ಸಿಗುವ ಊರಾದರೂ ತಮಿಳುನಾಡು. ಹೊರರಾಜ್ಯದ ಖರೀದಿಗೆ ಐಜಿಎಸ್‌ಟಿ ಬರೆಯಬೇಕು. ಮಾರಾಟದ ಕಡೆ ಇದ್ದಾಗ ಅವರ ಗಿರಾಕಿಗಳೆಲ್ಲ ಕರ್ನಾಟಕದವರೇ, ಆ ಅಭ್ಯಾಸ ಹಾಗೇ ಮುಂದುವರಿದಿತ್ತು. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿದರೆ ಸಾಕು: 29 ಇದ್ದರೆ ಕರ್ನಾಟಕ, 33 ಇದ್ದರೆ ತಮಿಳುನಾಡು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಶ್ರದ್ಧೆ ಇಲ್ಲ" ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು.

ಆದರೂ ಪತ್ರ ಬೇಕಾಗಿತ್ತು. 21 ಬಿಲ್ ಅವರ ಕೈಯಲ್ಲೇ ತಡವಾಗಿದ್ದವು. 14 ತಪ್ಪಿನಿಂದ ತೆರಿಗೆ ಕ್ರೆಡಿಟ್ ಹೊಂದಾಣಿಕೆಯಾಗದೆ ಕಂಪನಿಯ ಹಣ ನಿಂತಿತ್ತು. ಕರುಣೆಯಿಂದ ಅದನ್ನು ಮುಚ್ಚಿಟ್ಟರೆ ಆರು ತಿಂಗಳ ನಂತರ ಆಕೆಗೇ ಕಷ್ಟ.

ಹೊಸ ಪತ್ರದಲ್ಲಿ ಗುರಿಗಳು ಎರಡೇ. ಬಿಲ್ಲೂ ಚೀಟಿಯೂ ಎರಡೂ ಕೈಗೆ ಬಂದ ದಿನದಿಂದ ಮೂರು ಕೆಲಸದ ದಿನದೊಳಗೆ ನೂರಕ್ಕೆ 95 ಬಿಲ್ ಎಂಟ್ರಿಯಾಗಬೇಕು. ತಿಂಗಳಿಗೆ ತಪ್ಪುಗಳು ನಾಲ್ಕು ಮೀರಬಾರದು. ನಾಲ್ಕು ಎಲ್ಲಿಂದ ಬಂತು? ಪಕ್ಕದ ಮೇಜಿನಲ್ಲಿ ಹಲವು ವರ್ಷಗಳಿಂದ ಅದೇ ಕೆಲಸ ಮಾಡುವವರ ಮೇ ತಿಂಗಳ ಲೆಕ್ಕ ತೆಗೆದೆವು, ಅವರದ್ದು ಮೂರು. ಮ್ಯಾನೇಜರ್ "ಒಂದೂ ತಪ್ಪಿರಬಾರದು ಅಂತ ಹಾಕೋಣ" ಎಂದಿದ್ದರು. ಅನುಭವಿಗಳಿಂದಲೂ ಆಗದ ಗುರಿ ಹಾಕಿದರೆ ಅದನ್ನು ಓದಿದವರಿಗೆ ನಿಮ್ಮ ತೀರ್ಮಾನ ಆಗಲೇ ಆಗಿಹೋಗಿದೆ ಎಂದು ತಿಳಿಯುತ್ತದೆ. ನಿಜವಾಗಿಯೂ ತೀರ್ಮಾನ ಆಗಿಹೋಗಿದ್ದರೆ ದಯವಿಟ್ಟು ಪಿಐಪಿ ಕೊಡಬೇಡಿ. ಅದು ಒಬ್ಬ ಮನುಷ್ಯನಿಗೆ ಎರಡು ತಿಂಗಳು ಸುಳ್ಳು ಆಸೆ ತೋರಿಸಿದ ಹಾಗೆ. ಹಾಗೆಯೇ ಹಣ ದುರುಪಯೋಗ, ಜಗಳದಂಥ ದುರ್ನಡತೆಗೆ ಈ ಪತ್ರ ಅಲ್ಲ. ಅದಕ್ಕೆ ವಿಚಾರಣೆಯ ದಾರಿ ಬೇರೆ ಇದೆ.

ಮುಂದಿನ ಭಾಗ ಮ್ಯಾನೇಜರ್‌ಗಳು ಒಂದೇ ಸಾಲಿನಲ್ಲಿ ಮುಗಿಸುವಂಥದ್ದು: "ಅಗತ್ಯ ಬೆಂಬಲ ನೀಡಲಾಗುವುದು." ಯಾರು ಕೊಡುತ್ತಾರೆ, ಯಾವಾಗ, ಎಷ್ಟು ಹೊತ್ತು? ನಾವು ಹೀಗೆ ಬರೆದೆವು: ಹಿರಿಯ ಅಕೌಂಟೆಂಟ್ ಪ್ರತಿ ಮಂಗಳವಾರ, ಗುರುವಾರ ಮಧ್ಯಾಹ್ನ 3ರಿಂದ 4ರವರೆಗೆ ಜೊತೆಯಲ್ಲಿ ಕೂತು ಎಂಟ್ರಿ ನೋಡುತ್ತಾರೆ. ಗೋದಾಮಿನಿಂದ ಜಿಆರ್‌ಎನ್ ಸರಕು ಇಳಿದ ಮಾರನೆಯ ದಿನ ಬೆಳಿಗ್ಗೆ ಬರುತ್ತದೆ, ಅದರ ಹೊಣೆ ಮ್ಯಾನೇಜರ್‌ದು. ಈ ಎರಡು ತಿಂಗಳು ಫೋನ್ ವಿಚಾರಣೆಗಳ ಕೆಲಸ ಬೇರೆಯವರಿಗೆ. ಇದರ ಕೆಳಗೆ ಒಂದು ಸಾಲು: "ನಾವು ಒಪ್ಪಿದ ನೆರವು ತಪ್ಪಿದ ದಿನಗಳನ್ನು ಯೋಜನೆಯ ಅವಧಿಗೆ ಸೇರಿಸಲಾಗುವುದು." ಈ ಸಾಲಿಗೆ ಮ್ಯಾನೇಜರ್ ಅರ್ಧ ಗಂಟೆ ತಕರಾರು ತೆಗೆದರು. ನಾನು ಬಿಡಲಿಲ್ಲ. ಪತ್ರ ಕೊಡುವವರ ಮಾತಿಗೂ ತಾರೀಕು ಇಲ್ಲದಿದ್ದರೆ ಪಡೆಯುವವರ ಗುರಿಗೆ ತಾರೀಕು ಹಾಕುವ ಹಕ್ಕು ನಮಗಿಲ್ಲ.

ಯೋಜನೆ ಜುಲೈ 1ರಿಂದ 60 ದಿನ. ಪರಿಶೀಲನೆ ಜುಲೈ 15, ಜುಲೈ 30, ಆಗಸ್ಟ್ 16, ಆಗಸ್ಟ್ 30. ತಿಂಗಳ ಮಧ್ಯದ ತಾರೀಕುಗಳಿಗೆ ಕಾರಣವಿದೆ. ಪೂರೈಕೆದಾರರು ಸಲ್ಲಿಸಿದ ಬಿಲ್‌ಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿ ಪ್ರತಿ ತಿಂಗಳು 14ಕ್ಕೆ ಪೋರ್ಟಲ್‌ನಲ್ಲಿ ಸಿಗುತ್ತದೆ. ಅದನ್ನು ನಮ್ಮ ಪುಸ್ತಕದೊಂದಿಗೆ ತಾಳೆ ನೋಡಿದರೆ ತಪ್ಪುಗಳು ತಾವಾಗಿಯೇ ಹೊರಬರುತ್ತವೆ. ಮ್ಯಾನೇಜರ್ ಅನಿಸಿಕೆಗೆ ಅಲ್ಲಿ ಜಾಗವಿಲ್ಲ.

ಇನ್ನು ಪರಿಣಾಮ. "ಕಠಿಣ ಕ್ರಮ" ಎಂಬುದು ಹೆದರಿಸುತ್ತದೆ, ಏನಾಗುತ್ತದೆಂದು ಮಾತ್ರ ಹೇಳುವುದಿಲ್ಲ. ನಾವು ಬರೆದದ್ದು: "ಅವಧಿಯ ಕೊನೆಗೆ ಎರಡೂ ಗುರಿ ಮುಟ್ಟಿದ್ದರೆ ಯೋಜನೆ ಮುಗಿದಿದೆ ಎಂದು ಪತ್ರ ಕೊಡುತ್ತೇವೆ. ಒಂದನ್ನು ಮುಟ್ಟಿದ್ದರೆ ಒಂದು ಬಾರಿ 30 ದಿನ ವಿಸ್ತರಿಸುತ್ತೇವೆ. ಆಮೇಲೂ ಆಗದಿದ್ದರೆ ಅದೇ ಸಂಬಳದಲ್ಲಿ ಮಾರಾಟದ ಬಿಲ್ಲಿಂಗ್‌ಗೆ ವರ್ಗ, ಅಲ್ಲಿ ಜಾಗವಿಲ್ಲದಿದ್ದರೆ ನೇಮಕಾತಿ ಪತ್ರದಂತೆ ನೋಟಿಸ್ ಕೊಟ್ಟು ಸೇವೆ ಮುಗಿಸಬೇಕಾಗುತ್ತದೆ." ಕೊನೆಯ ಸಾಲು ಕಹಿ. ಆದರೂ ಬರೆಯಲೇಬೇಕು, ಗೊತ್ತಿದ್ದರೆ ತಾನೇ ಅವರು ಮನೆಯಲ್ಲಿ ಮಾತಾಡಿ ತಯಾರಾಗಲು ಸಾಧ್ಯ? ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ಕೂಡ ಆರು ತಿಂಗಳು ಸತತವಾಗಿ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿನ ಸಂಬಳ ಕೊಡದೆ ತೆಗೆಯಬಾರದು ಎನ್ನುತ್ತದೆ.

ಸಹಿಯ ಜಾಗದಲ್ಲಿ "ಒಪ್ಪಿದ್ದೇನೆ" ಎಂದು ಹಾಕಲಿಲ್ಲ, "ಓದಿ ತಿಳಿದುಕೊಂಡಿದ್ದೇನೆ" ಎಂದು ಹಾಕಿದೆವು. ಅದರ ಕೆಳಗೆ ನಾಲ್ಕು ಗೆರೆ ಖಾಲಿ ಬಿಟ್ಟೆವು. ಆಕೆ ತುಂಬಾ ಹೊತ್ತು ಪೆನ್ನು ಹಿಡಿದು ಕೂತಿದ್ದು, "ಹೊರರಾಜ್ಯದ ಬಿಲ್ ಬಗ್ಗೆ ನನಗೆ ಮೊದಲೇ ಕೇಳಲು ಸಂಕೋಚವಾಯಿತು" ಎಂದು ಬರೆದರು.

ಜುಲೈ 15ರ ಪರಿಶೀಲನೆಯಲ್ಲಿ ಮೊದಲು ಸಿಕ್ಕಿಬಿದ್ದವರು ನಾವೇ. ಆಡಿಟ್ ಇದ್ದ ಕಾರಣ ಹಿರಿಯ ಅಕೌಂಟೆಂಟ್ ನಾಲ್ಕರಲ್ಲಿ ಎರಡು ದಿನ ಕೂತಿರಲಿಲ್ಲ. ಅದನ್ನು ದಾಖಲಿಸಿ ಕೊನೆಯ ತಾರೀಕಿಗೆ ಎರಡು ದಿನ ಸೇರಿಸಿದೆವು. ಆಗಸ್ಟ್ 16ರ ಹೊತ್ತಿಗೆ ಹೊಸೂರಿನ ಬಿಲ್‌ಗಳಲ್ಲಿ ಒಂದೂ ತಪ್ಪಿರಲಿಲ್ಲ. ಅವಧಿ ಮುಗಿದಾಗ ಸಮಯದ ಗುರಿ ಮುಟ್ಟಿತ್ತು, ಕೊನೆಯ ತಿಂಗಳ ತಪ್ಪುಗಳು ಮಾತ್ರ ಆರು. ಬರೆದ ಪ್ರಕಾರವೇ 30 ದಿನ ವಿಸ್ತರಿಸಿದೆವು. "ಎರಡು ತಪ್ಪು ತಾನೇ, ಬಿಟ್ಟುಬಿಡೋಣ" ಎಂದು ಈ ಸಲ ಹೇಳಿದವರು ಅದೇ ಮ್ಯಾನೇಜರ್. ಬಿಡಲಿಲ್ಲ. ಆ ತಿಂಗಳ ಕೊನೆಗೆ ತಪ್ಪು ಮೂರಕ್ಕೆ ಇಳಿಯಿತು. ಯೋಜನೆ ಮುಗಿದ ಪತ್ರವನ್ನು ಮ್ಯಾನೇಜರ್ ತಾವೇ ಆಕೆಯ ಮೇಜಿಗೆ ಒಯ್ದು ಕೊಟ್ಟರು, ಅದರ ಪ್ರತಿ ಫೈಲಿನಲ್ಲಿ ಮೊದಲ ಪತ್ರದ ಮೇಲೆಯೇ ಇದೆ. ಗೋದಾಮಿನ ಚೀಟಿ ಈಗಲೂ ಮಾರನೆಯ ದಿನ ಬೆಳಿಗ್ಗೆಯೇ ಬರುತ್ತಿದೆ.